ಕತ್ತಲ ಎರಿಯಲ್ಲಿ ಸೂರ್ಯನ ದಿಕ್ಕು

ತುಡುವೆ ಜೇನಿನ ಪೆಟ್ಟಿಗೆಯಿಂದ ಒಂದು ಚೌಕಟ್ಟನ್ನು ನಿಧಾನವಾಗಿ ಮೇಲೆತ್ತಿ ನೋಡಿದರೆ ಮೊದಲು ಕಾಣುವುದು ನೂಕುನುಗ್ಗಲು. ಸ್ವಲ್ಪ ಹೊತ್ತು ಕಣ್ಣು ನೆಟ್ಟರೆ ಆ ಗುಂಪಿನೊಳಗೆ ಒಂದು ನೊಣ ಬೇರೆಯೇ ಕೆಲಸದಲ್ಲಿರುವುದು ತಿಳಿಯುತ್ತದೆ. ಅದು ಹಿಂಬದಿಯನ್ನು ಎಡಕ್ಕೂ ಬಲಕ್ಕೂ ಬಿರುಸಾಗಿ ಅಲ್ಲಾಡಿಸುತ್ತಾ ಒಂದೆರಡು ಅಂಗುಲ ನೇರವಾಗಿ ಸಾಗುತ್ತದೆ. ಆಮೇಲೆ ಅಲ್ಲಾಡಿಸುವುದನ್ನು ನಿಲ್ಲಿಸಿ, ಬಲಕ್ಕೆ ಸುತ್ತು ಹಾಕಿ ಹೊರಟ ಜಾಗಕ್ಕೇ ಬರುತ್ತದೆ. ಮತ್ತೆ ಅದೇ ಗೆರೆಯ ಮೇಲೆ ಅದೇ ಓಟ, ಈ ಸಲ ಎಡಕ್ಕೆ ಸುತ್ತು. ಅದರ ಬೆನ್ನಿಗೆ ನಾಲ್ಕಾರು ನೊಣಗಳು ಮೀಸೆ ತಾಗಿಸಿಕೊಂಡು ಹಿಂಬಾಲಿಸುತ್ತಿರುತ್ತವೆ. ಸುತ್ತಲಿನ ನೊಣಗಳಿಗೆ ಅದರ ಗೊಡವೆಯೇ ಇಲ್ಲ.

ಈ ಕುಣಿತವನ್ನು ಓದಲು ಕಲಿತವರು ಆಸ್ಟ್ರಿಯಾದ ಕಾರ್ಲ್ ಫಾನ್ ಫ್ರಿಶ್. ಅವರಿಗೂ ಅದು ಒಮ್ಮೆಲೇ ದಕ್ಕಲಿಲ್ಲ. 1920ರ ದಶಕದಲ್ಲಿ ಅವರು ಗುಂಡಗೆ ಸುತ್ತುವ ಕುಣಿತ ಮಕರಂದದ ಸುದ್ದಿ, ಹಿಂಬದಿ ಅಲ್ಲಾಡಿಸುವ ಕುಣಿತ ಪರಾಗದ ಸುದ್ದಿ ಎಂದು ಬರೆದಿದ್ದರು. ತಪ್ಪಿನ ಮೂಲ ಸರಳವಾಗಿತ್ತು. ಅವರ ಸಕ್ಕರೆ ನೀರಿನ ತಟ್ಟೆಗಳು ಗೂಡಿನ ಹತ್ತಿರದಲ್ಲೇ ಇದ್ದವು, ಪರಾಗ ತರುವ ನೊಣಗಳು ಮಾತ್ರ ದೂರದಿಂದ ಬರುತ್ತಿದ್ದವು. ಸುಮಾರು ಇಪ್ಪತ್ತು ವರ್ಷಗಳ ನಂತರ, 1944ರಲ್ಲಿ, ತಟ್ಟೆಯನ್ನು ದೂರ ಒಯ್ದು ಇಟ್ಟಾಗ ಸಕ್ಕರೆ ನೀರು ಕುಡಿದ ನೊಣಗಳೂ ಹಿಂಬದಿ ಅಲ್ಲಾಡಿಸತೊಡಗಿದವು. ಕುಣಿತ ಹೇಳುತ್ತಿದ್ದುದು ಏನು ಸಿಕ್ಕಿತು ಎಂಬುದನ್ನಲ್ಲ, ಎಲ್ಲಿ ಸಿಕ್ಕಿತು ಎಂಬುದನ್ನು. ತಮ್ಮ ಹಳೆಯ ವಿವರಣೆಯನ್ನು ಫ್ರಿಶ್ ತಾವೇ ತಿದ್ದಿ ಬರೆದರು. 1973ರಲ್ಲಿ ಅವರಿಗೆ ನೊಬೆಲ್ ಬಹುಮಾನ ಬಂತು.

ಗೂಡಿನೊಳಗೆ ಕತ್ತಲು. ಸೂರ್ಯ ಕಾಣುವುದಿಲ್ಲ, ಬೊಟ್ಟು ಮಾಡಿ ತೋರಿಸಲು ಬಯಲೂ ಕಾಣುವುದಿಲ್ಲ. ಮೇಲಾಗಿ ಎರಿ ನೇರ ಗೋಡೆಯಂತೆ ಇಳಿಬಿದ್ದಿದೆ, ಹೊಲ ಮಾತ್ರ ಮಲಗಿದ ನೆಲ. ಮಲಗಿದ ನೆಲದ ದಿಕ್ಕನ್ನು ನಿಂತ ಗೋಡೆಯ ಮೇಲೆ ಹೇಳುವುದು ಹೇಗೆ? ಜೇನು ಇದಕ್ಕೆ ಒಂದೇ ಒಪ್ಪಂದ ಮಾಡಿಕೊಂಡಿದೆ: ಎರಿಯ ಮೇಲೆ ನೆಟ್ಟಗೆ ಮೇಲ್ಮುಖ ಎಂದರೆ ಸೂರ್ಯನಿರುವ ದಿಕ್ಕು. ಹೂವು ಸೂರ್ಯನ ದಿಕ್ಕಿನಿಂದ ಎಷ್ಟು ಬಲಕ್ಕಿದೆಯೋ ಅಷ್ಟೇ ಕೋನದಲ್ಲಿ ಓಟವೂ ಮೇಲ್ಮುಖ ಗೆರೆಯಿಂದ ಬಲಕ್ಕೆ ವಾಲುತ್ತದೆ. ಎಡಕ್ಕಿದ್ದರೆ ಎಡಕ್ಕೆ. ಹೂವು ಸೂರ್ಯನಿಗೆ ಬೆನ್ನು ಹಾಕಿದ ದಿಕ್ಕಿನಲ್ಲಿದ್ದರೆ ಓಟ ನೇರ ಕೆಳಮುಖ. ಸೂರ್ಯ ಎಷ್ಟು ಎತ್ತರದಲ್ಲಿದ್ದಾನೆ ಎಂಬುದು ಲೆಕ್ಕಕ್ಕೆ ಬರುವುದಿಲ್ಲ, ಅವನ ನೇರ ಕೆಳಗೆ ದಿಗಂತದಲ್ಲಿ ಬೀಳುವ ದಿಕ್ಕು ಮಾತ್ರ ಬೇಕು.

ಒಂದು ಉದಾಹರಣೆ ಹಾಕಿಕೊಂಡು ನೋಡಬಹುದು. ಮಾರ್ಚ್ 21, ಬೆಂಗಳೂರು. ಪೆಟ್ಟಿಗೆಯಿಂದ ನೇರ ದಕ್ಷಿಣಕ್ಕೆ ಅರ್ಧ ಕಿಲೋಮೀಟರಿನಲ್ಲಿ ಒಂದು ಹೊಂಗೆ ಮರ ಹೂ ಬಿಟ್ಟಿದೆ ಎಂದಿಟ್ಟುಕೊಳ್ಳಿ. ಬೆಳಗ್ಗೆ ಏಳೂವರೆಗೆ ಸೂರ್ಯ ಹೆಚ್ಚುಕಡಿಮೆ ನೇರ ಪೂರ್ವದಲ್ಲಿ. ಅವನಿಗೆ ಮುಖ ಮಾಡಿ ನಿಂತರೆ ದಕ್ಷಿಣ ಬಲಗೈ ಕಡೆಗೆ ಬರುತ್ತದೆ. ಆದ್ದರಿಂದ ಮರದಿಂದ ಮರಳಿದ ನೊಣ ಎರಿಯ ಮೇಲೆ ಬಲಕ್ಕೆ, ಬಹುತೇಕ ಅಡ್ಡಡ್ಡವಾಗಿ ಓಡುತ್ತದೆ. ಹತ್ತೂವರೆಗೆ ಅದೇ ಮರಕ್ಕೆ ಕುಣಿಯುವ ನೊಣ ಬಲಕ್ಕೆ 70 ಡಿಗ್ರಿಯಷ್ಟು ವಾಲಿರುತ್ತದೆ. ಹನ್ನೊಂದೂವರೆಗೆ 50. ಹನ್ನೆರಡೂವರೆಯ ಹೊತ್ತಿಗೆ, ಸೂರ್ಯ ದಕ್ಷಿಣಕ್ಕೆ ಬಂದಾಗ, ಓಟ ನೆಟ್ಟಗೆ ಮೇಲಕ್ಕೆ. ಒಂದೂವರೆಗೆ ಎಡಕ್ಕೆ 50 ಡಿಗ್ರಿ. ಮರ ನಿಂತಲ್ಲೇ ನಿಂತಿದೆ, ಕುಣಿತ ಮಾತ್ರ ಗಡಿಯಾರದ ಮುಳ್ಳಿನಂತೆ ತಿರುಗುತ್ತಾ ಹೋಗಿದೆ.

ಈ ಅಂಕಿಗಳಲ್ಲಿ ಒಂದು ವಿಚಿತ್ರವಿದೆ. ಬೆಳಗಿನ ಮೂರು ಗಂಟೆಯಲ್ಲಿ ಸೂರ್ಯನ ದಿಕ್ಕು ಬದಲಾದದ್ದು ಇಪ್ಪತ್ತು ಡಿಗ್ರಿಯ ಒಳಗೆ. ನಡುಹಗಲಿನ ಎರಡೇ ಗಂಟೆಯಲ್ಲಿ ನೂರು ಡಿಗ್ರಿ. ನಮ್ಮಂಥ ಉಷ್ಣವಲಯದಲ್ಲಿ ಸೂರ್ಯ ಬೆಳಗ್ಗೆ ಮೇಲಕ್ಕೇರುವುದೇ ಹೆಚ್ಚು, ಪಕ್ಕಕ್ಕೆ ಸರಿಯುವುದು ಕಡಿಮೆ. ನೆತ್ತಿಯ ಹತ್ತಿರ ಬಂದಾಗ ಥಟ್ಟನೆ ದಿಕ್ಕು ಬದಲಿಸುತ್ತಾನೆ. ಗಂಟೆಗೆ ಇಷ್ಟು ಎಂದು ಒಂದೇ ದರ ಹಿಡಿದು ಲೆಕ್ಕ ಹಾಕಿದರೆ ನೊಣ ದಾರಿ ತಪ್ಪುತ್ತದೆ. ಆ ಊರಿನ, ಆ ಋತುವಿನ ಸೂರ್ಯನ ನಡೆಯನ್ನು ಅದು ಗೂಡಿನಿಂದ ಹೊರಗೆ ಹಾರಾಡಿಯೇ ಕಲಿಯಬೇಕು. ಮೋಡ ಕವಿದರೂ ಎಲ್ಲೋ ಒಂದು ತುಂಡು ನೀಲಿ ಆಕಾಶ ಕಂಡರೆ ಸಾಕು, ಅಲ್ಲಿಂದ ಬರುವ ಧ್ರುವೀಕೃತ ಬೆಳಕಿನಿಂದ ಅದು ಸೂರ್ಯನ ಜಾಗ ಕಂಡುಕೊಳ್ಳುತ್ತದೆ. ಸೂರ್ಯ ಸರಿಯಾಗಿ ನೆತ್ತಿಯ ಮೇಲೆ ನಿಂತರೆ ಮಾತ್ರ ಈ ವ್ಯವಸ್ಥೆ ಕುಸಿಯುತ್ತದೆ, ಏಕೆಂದರೆ ಆಗ ಸೂರ್ಯನಿಗೆ ದಿಕ್ಕೇ ಇರುವುದಿಲ್ಲ. ಫ್ರಿಶ್ ಅವರ ಶಿಷ್ಯ ಮಾರ್ಟಿನ್ ಲಿಂಡಾವರ್ 1950ರ ದಶಕದಲ್ಲಿ ಸಿಂಹಳಕ್ಕೆ ಹೋಗಿ, ಅಂಥ ಹೊತ್ತಿನಲ್ಲಿ ಅಲ್ಲಿನ ಜೇನುಗಳ ಕುಣಿತ ದಿಕ್ಕುಗೆಡುವುದನ್ನು ಕಂಡರು. ಬೆಂಗಳೂರಿಗೂ ಆ ಗಳಿಗೆ ವರ್ಷಕ್ಕೆ ಎರಡು ಸಲ ಬರುತ್ತದೆ, ಏಪ್ರಿಲ್ ಕೊನೆಯ ವಾರದಲ್ಲಿ ಮತ್ತು ಆಗಸ್ಟ್ ಮಧ್ಯದಲ್ಲಿ.

ದಿಕ್ಕು ಆಯಿತು. ದೂರ?

ಹಿಂಬದಿ ಅಲ್ಲಾಡಿಸುವ ಓಟ ಎಷ್ಟು ಹೊತ್ತು ನಡೆಯುತ್ತದೆ ಎಂಬುದೇ ದೂರ. ಯುರೋಪಿನ ಜೇನಿನಲ್ಲಿ ಒಂದು ಸೆಕೆಂಡಿನ ಓಟ ಎಂದರೆ ಸ್ಥೂಲವಾಗಿ ಒಂದು ಕಿಲೋಮೀಟರ್. ಆದರೆ ಇಷ್ಟು ದೂರ ಹಾರಿದೆ ಎಂದು ನೊಣಕ್ಕೆ ಗೊತ್ತಾಗುವುದು ಹೇಗೆ? ಖರ್ಚಾದ ಶಕ್ತಿಯಿಂದ ಎಂದು ಫ್ರಿಶ್ ನಂಬಿದ್ದರು. ಅದು ಸರಿಯಲ್ಲ ಎಂದು ತೋರಿಸಿದವರಲ್ಲಿ ಮುಖ್ಯರು ಮಂಡ್ಯಂ ಶ್ರೀನಿವಾಸನ್. ಬೆಂಗಳೂರು ವಿಶ್ವವಿದ್ಯಾಲಯದಲ್ಲಿ ಎಂಜಿನಿಯರಿಂಗ್ ಓದಿ, ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಮುಂದುವರಿಸಿ, ಕೊನೆಗೆ ಆಸ್ಟ್ರೇಲಿಯಾದಲ್ಲಿ ನೆಲೆ ನಿಂತವರು. 2000ದಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಅವರ ತಂಡ ಸುಮಾರು ಆರು ಮೀಟರ್ ಉದ್ದದ ಇಕ್ಕಟ್ಟು ಸುರಂಗ ಮಾಡಿ, ಅದರ ಗೋಡೆಗೆ ಕಪ್ಪುಬಿಳಿ ಚುಕ್ಕೆಗಳ ಚಿತ್ತಾರ ಹಚ್ಚಿ, ಕೊನೆಯಲ್ಲಿ ಸಕ್ಕರೆ ನೀರಿಟ್ಟಿತು. ಅಷ್ಟು ಹತ್ತಿರದ ಆಹಾರಕ್ಕೆ ಗುಂಡಗೆ ಸುತ್ತುವ ಕುಣಿತವೇ ಸಾಕಿತ್ತು. ಆದರೆ ನೊಣಗಳು ಸುಮಾರು ಇನ್ನೂರು ಮೀಟರ್ ದೂರದ ಸುದ್ದಿಯೆಂಬಂತೆ ಹಿಂಬದಿ ಅಲ್ಲಾಡಿಸಿದವು! ಅದೇ ಸುರಂಗದ ಗೋಡೆಗೆ ಉದ್ದುದ್ದ ಪಟ್ಟೆ ಬಳಿದಾಗ, ಅಂದರೆ ಹಾರುವಾಗ ಏನೂ ಹಿಂದೆ ಸರಿದಂತೆ ಕಾಣದ ಹಾಗೆ ಮಾಡಿದಾಗ, ಅವು ಗುಂಡಗಿನ ಕುಣಿತಕ್ಕೆ ಮರಳಿದವು. ಹಾರಿದ ದೂರ ಅಷ್ಟೇ, ಖರ್ಚಾದ ಶಕ್ತಿಯೂ ಅಷ್ಟೇ.

ಬಸ್ಸಿನ ಕಿಟಕಿಯಲ್ಲಿ ಕೂತವರಿಗೆ ಇದು ಸುಲಭವಾಗಿ ಅರ್ಥವಾದೀತು. ರಸ್ತೆ ಬದಿಯ ಗಿಡ ರಪ್ಪನೆ ಹಿಂದೆ ಓಡುತ್ತದೆ, ದೂರದ ಗುಡ್ಡ ಜೊತೆಯಲ್ಲೇ ಬಂದಂತೆ ಇರುತ್ತದೆ. ಕಣ್ಣೆದುರು ಎಷ್ಟು ದೃಶ್ಯ ಹಿಂದೆ ಸರಿಯಿತು ಎಂಬುದನ್ನು ನೊಣ ಕೂಡಿಸುತ್ತಾ ಹೋಗುತ್ತದೆ. ಇಕ್ಕಟ್ಟಿನಲ್ಲಿ ಗೋಡೆ ಕಣ್ಣಿಗೆ ಹತ್ತಿರ, ಆದ್ದರಿಂದ ಆರು ಮೀಟರೇ ದೊಡ್ಡ ಪಯಣವಾಯಿತು. ಹಾಗಾಗಿ ಜೇನಿನ ಅಳತೆ ಮೀಟರಿನಂತೆ ಎಲ್ಲೆಡೆ ಒಂದೇ ಅಲ್ಲ. ತೋಪಿನ ನಡುವಿನ ನೂರು ಮೀಟರ್, ಬಯಲಿನ ಅಥವಾ ಕೆರೆ ನೀರಿನ ಮೇಲಿನ ನೂರು ಮೀಟರಿಗಿಂತ ಉದ್ದ. ಇದರಿಂದ ಗೂಡಿಗೆ ತೊಂದರೆಯಿಲ್ಲ. ಹೇಳಿದ ನೊಣ ಹಾರಿದ ದಾರಿಯಲ್ಲೇ ಕೇಳಿದ ನೊಣವೂ ಹಾರುತ್ತದೆ, ಅದರ ಕಣ್ಣೆದುರೂ ಅಷ್ಟೇ ದೃಶ್ಯ ಸರಿಯುತ್ತದೆ.

ಅಳತೆ ಜಾತಿಯಿಂದ ಜಾತಿಗೂ ಬೇರೆ. ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದ ಮತ್ತು ಜರ್ಮನಿಯ ವುರ್ಟ್ಸ್‌ಬುರ್ಗ್‌ನ ಸಂಶೋಧಕರು ಸೇರಿ ದಕ್ಷಿಣ ಭಾರತದ ಮೂರು ಜೇನುಗಳನ್ನು, ಅಂದರೆ ತುಡುವೆ, ಕೋಲುಜೇನು, ಹೆಜ್ಜೇನುಗಳನ್ನು ಒಂದೇ ಬಗೆಯ ಪ್ರಯೋಗಕ್ಕೆ ಒಡ್ಡಿದರು. ಫಲಿತಾಂಶ ಬಂದದ್ದು 2020ರಲ್ಲಿ. ಸಕ್ಕರೆ ನೀರನ್ನು ದೂರ ದೂರ ಸರಿಸಿದಂತೆ ತುಡುವೆಯ ಓಟ ಬೇಗ ಬೇಗ ಉದ್ದವಾಯಿತು, ಹೆಜ್ಜೇನಿನದು ನಿಧಾನವಾಗಿ, ಕೋಲುಜೇನಿನದು ನಡುವಿನ ಗತಿಯಲ್ಲಿ. ಮೂರೂ ಮೇವಿಗೆ ಹೋಗುವ ದೂರ ನೋಡಿದರೆ ಕಾರಣ ತಿಳಿಯುತ್ತದೆ. ತುಡುವೆ ಸುಮಾರು ಒಂದು ಕಿಲೋಮೀಟರಿನ ಒಳಗೇ ತಿರುಗುತ್ತದೆ, ಕೋಲುಜೇನು ಎರಡೂವರೆಯವರೆಗೆ, ಹೆಜ್ಜೇನು ಮೂರರವರೆಗೆ. ಹತ್ತಿರದಲ್ಲೇ ಮೇಯುವ ತುಡುವೆ ಒಂದೊಂದು ಹೆಜ್ಜೆಗೂ ಓಟ ಉದ್ದ ಮಾಡಿದರೆ ಸಣ್ಣ ವ್ಯತ್ಯಾಸವೂ ಸ್ಪಷ್ಟವಾಗಿ ತಿಳಿಯುತ್ತದೆ. ಹೆಜ್ಜೇನು ಹಾಗೇ ಮಾಡಿದ್ದರೆ ಮೂರು ಕಿಲೋಮೀಟರ್ ಹೇಳಿ ಮುಗಿಸುವುದೇ ಒಂದು ಕೆಲಸವಾಗುತ್ತಿತ್ತು.

ಕೇಳಿದವರೆಲ್ಲ ಸರಿಯಾಗಿ ಹೂವಿನ ಮೇಲೇ ಇಳಿಯುತ್ತಾರೆ ಎಂದಲ್ಲ. ಒಂದೇ ನೊಣದ ಎರಡು ಓಟಗಳ ನಡುವೆಯೂ ಕೋನ ಅಷ್ಟಿಷ್ಟು ಹೊಯ್ದಾಡುತ್ತದೆ, ಹತ್ತಿರದ ಹೂವಾದರೆ ಇನ್ನೂ ಹೆಚ್ಚು. ಅದಕ್ಕೇ ಹಿಂಬಾಲಿಸುವ ನೊಣ ಒಂದೇ ಓಟ ನೋಡಿ ಹೊರಡುವುದಿಲ್ಲ, ಹಲವು ಓಟ ಅನುಸರಿಸುತ್ತದೆ. ಕುಣಿತ ಅದನ್ನು ಹೂವಿನ ಆಸುಪಾಸಿಗೆ ಮುಟ್ಟಿಸುತ್ತದೆ. ಅಲ್ಲಿಂದ ಮುಂದೆ ಕುಣಿದವಳ ಮೈಯಿಂದ ಬಂದ ಹೂವಿನ ವಾಸನೆಯೇ ದಾರಿ ತೋರಿಸಬೇಕು. ಎತ್ತರ ಹೇಳಲು ಈ ಭಾಷೆಯಲ್ಲಿ ಪದವೇ ಇಲ್ಲ. ಫ್ರಿಶ್ ರೇಡಿಯೊ ಗೋಪುರವೊಂದರ ಬುಡದಲ್ಲಿ ಗೂಡನ್ನೂ ಮೇಲೆ ಆಹಾರವನ್ನೂ ಇಟ್ಟು ನೋಡಿದರು. ಸುದ್ದಿ ಕೇಳಿದ ನೊಣಗಳು ಕೆಳಗಿನ ಹುಲ್ಲುಗಾವಲಿನಲ್ಲೆಲ್ಲ ಹುಡುಕಿದವು, ಮೇಲಕ್ಕೆ ಹಾರಲಿಲ್ಲ.

ಇದರಲ್ಲಿ ಒಂದಿಷ್ಟು ಹಿರಿಯರಿಂದ ಕಲಿಯುವುದೂ ಇದೆ ಎಂದು ತಿಳಿದದ್ದು ತೀರಾ ಇತ್ತೀಚೆಗೆ, 2023ರಲ್ಲಿ. ಯುರೋಪಿನ ಜೇನಿನ ಎಳೆಯ ನೊಣಗಳನ್ನಷ್ಟೇ ಸೇರಿಸಿ, ಹಿರಿಯರ ಕುಣಿತವನ್ನು ಹಿಂಬಾಲಿಸುವ ಅವಕಾಶವೇ ಇಲ್ಲದಂತೆ ಬೆಳೆಸಿದಾಗ ಅವೂ ಕುಣಿದವು, ಆದರೆ ಒಡ್ಡೊಡ್ಡಾಗಿ. ದಿನ ಕಳೆದಂತೆ ದಿಕ್ಕು ಹೇಳುವುದು ಸುಧಾರಿಸಿತು. ದೂರವನ್ನು ಮಾತ್ರ ಅವು ಬದುಕಿರುವಷ್ಟು ಕಾಲವೂ ಹೆಚ್ಚಾಗಿಯೇ ಹೇಳಿದವು. ಎಳೆಯ ಜೇನಿಗೆ ಕೀಟನಾಶಕದಿಂದ ಕೆಲಸಗಾರ ನೊಣಗಳು ಸತ್ತು ಹಿರಿಯರೇ ಉಳಿಯದ ಗೂಡು ಎಂಥ ಶಾಲೆಯಾದೀತು ಎಂದು ಯೋಚಿಸಿದರೆ ಕಳವಳವಾಗುತ್ತದೆ.

ಈ ಕುಣಿತ ನೋಡಲು ಪೆಟ್ಟಿಗೆಯನ್ನೇ ತೆರೆಯಬೇಕಾಗಿಲ್ಲ. ಬೇಲಿಯ ಪೊದೆಯಲ್ಲೋ ದಾಸವಾಳದ ಗಿಡದಲ್ಲೋ ಕೋಲುಜೇನು ಒಂದೇ ಎರಿ ಕಟ್ಟಿದ್ದರೆ ಅದರ ನೆತ್ತಿಯನ್ನು ಗಮನಿಸಿ. ಕೊಂಬೆಯನ್ನು ಸುತ್ತುವರಿದು ಅಲ್ಲೊಂದು ಸಮತಟ್ಟಾದ ಜಾಗವಿರುತ್ತದೆ. ಕೋಲುಜೇನು ಕುಣಿಯುವುದು ಅಲ್ಲೇ, ಬಯಲ ಬೆಳಕಿನಲ್ಲೇ, ಮೇಲ್ಮುಖ ಗೆರೆಯ ಒಪ್ಪಂದವೂ ಇಲ್ಲದೆ. ಅದರ ಓಟ ಹೂವಿನ ಕಡೆಗೇ ನೇರವಾಗಿ ಮುಖ ಮಾಡಿರುತ್ತದೆ. ಹತ್ತಿರ ಹೋಗಿ ಕೊಂಬೆ ಅಲುಗಿಸದೆ, ನಾಲ್ಕು ಮಾರು ದೂರದಲ್ಲಿ, ಸಾಧ್ಯವಾದರೆ ದುರ್ಬೀನು ಹಿಡಿದು ನಿಂತು ಆ ದಿಕ್ಕನ್ನು ಗುರುತು ಹಾಕಿಕೊಳ್ಳಿ. ಆಮೇಲೆ ಅದೇ ಕಡೆಗೆ ನಡೆದು ಯಾವ ಗಿಡ ಹೂ ಬಿಟ್ಟಿದೆ ನೋಡಿ.