ಒಂಬತ್ತು ಗಂಟೆಯ ವಿಶ್ರಾಂತಿಯಲ್ಲಿ ನಿದ್ದೆ ಎಷ್ಟು?

ಸಿರುಗುಪ್ಪದಲ್ಲಿ ಸಂಜೆ ಬಸ್ ಹತ್ತಿದರೆ ಬೆಳಗಿನ ಹೊತ್ತಿಗೆ ಬೆಂಗಳೂರು. ಬಳ್ಳಾರಿ, ಚಳ್ಳಕೆರೆ, ಹಿರಿಯೂರು, ಶಿರಾ, ತುಮಕೂರು ದಾಟಿ ಸಾಗುವ ಈ ದಾರಿಯಲ್ಲಿ ಪ್ರಯಾಣಿಕರೆಲ್ಲ ಮಲಗಿದ್ದಾಗ ಎಚ್ಚರವಾಗಿರಬೇಕಾದವರು ಒಬ್ಬರು. ಅವರು ಎಷ್ಟು ಹೊತ್ತು ಓಡಿಸಬೇಕು, ಮತ್ತೆ ಸ್ಟೇರಿಂಗ್ ಹಿಡಿಯುವ ಮೊದಲು ಎಷ್ಟು ಹೊತ್ತು ಬಿಡುವು ಸಿಗಬೇಕು ಎಂಬುದನ್ನು ಡಿಪೋದಲ್ಲಿ ಬರೆಯುವ ಡ್ಯೂಟಿ ರೋಟಾ ನಿರ್ಧರಿಸುತ್ತದೆ. ಆ ಹಾಳೆಯಲ್ಲಿ ಎರಡು ಲೆಕ್ಕಗಳು ಕೂಡಿ ಬರಬೇಕು. ಒಂದು ಕಾಯ್ದೆಯದು, ಇನ್ನೊಂದು ಮೈಯದು. ಮೊದಲನೆಯದು ಸರಿ ಹೋದರೂ ಎರಡನೆಯದು ತಪ್ಪಿಹೋಗಬಹುದು.

ಚಾಲಕರ ದುಡಿಮೆಗೆ ದೇಶದಲ್ಲಿ ಗಡಿ ಹಾಕಿದ್ದು 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ. ಅದನ್ನು ಮುಂದೆ 2020ರ ಕಾರ್ಮಿಕ ಸಂಹಿತೆಯೊಳಗೆ ಸೇರಿಸಲಾಯಿತು. ದಿನಕ್ಕೆ 8 ಗಂಟೆ ಎಂಬ ಮೂಲ ಮಿತಿ ಅಲ್ಲಿಯೂ ಇದೆ. 1961ರ ಕಾಯ್ದೆ ಹಾಕಿದ ಲೆಕ್ಕ ಹೀಗಿದೆ: ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆ. ದೂರದ ಮಾರ್ಗಗಳಿಗೆ ಅನುಮತಿ ಪಡೆದರೆ ದಿನಕ್ಕೆ 10, ವಾರಕ್ಕೆ 54. ಸತತ 5 ಗಂಟೆ ದುಡಿದ ಮೇಲೆ ಅರ್ಧ ಗಂಟೆಯಾದರೂ ಬಿಡುವು ಕೊಡಬೇಕು. ಒಂದು ದಿನದ ಡ್ಯೂಟಿ ಮುಗಿದು ಮರುದಿನದ ಡ್ಯೂಟಿ ಶುರುವಾಗುವ ನಡುವೆ ಸತತ 9 ಗಂಟೆ ವಿಶ್ರಾಂತಿ, ವಾರಕ್ಕೊಂದು ರಜೆ.

ಇಲ್ಲಿ ದುಡಿಮೆ ಎಂದರೆ ಬಸ್ ಓಡಿಸುವುದಷ್ಟೇ ಅಲ್ಲ. ಗಾಡಿ ವಶಕ್ಕೆ ತೆಗೆದುಕೊಳ್ಳುವುದು, ರಿಜಿಸ್ಟರಿಗೆ ಸಹಿ, ಹಣ ಕಟ್ಟುವುದು, ಗಾಡಿಯನ್ನು ಡಿಪೋಗೆ ಬಿಡುವುದು ಎಲ್ಲವೂ ಲೆಕ್ಕಕ್ಕೆ ಬರುತ್ತವೆ. ನಿಲ್ದಾಣದಲ್ಲಿ ಸುಮ್ಮನೆ ಕಾಯುವ ಹೊತ್ತು 15 ನಿಮಿಷಕ್ಕಿಂತ ಕಡಿಮೆಯಿದ್ದರೆ ಅದೂ ದುಡಿಮೆಯೇ.

ಈಗ ಒಂದು ರೋಟಾ ಬರೆದು ನೋಡೋಣ. ಇದು ಯಾವ ಡಿಪೋದ ನಿಜವಾದ ವೇಳಾಪಟ್ಟಿಯೂ ಅಲ್ಲ, ಲೆಕ್ಕಕ್ಕಾಗಿ ಇಟ್ಟುಕೊಂಡದ್ದು. ಚಾಲಕರು ಸಿರುಗುಪ್ಪದಲ್ಲಿ ಸಂಜೆ 7.30ಕ್ಕೆ ಡ್ಯೂಟಿಗೆ ಹಾಜರಾಗಿ ಟೈರು, ಬ್ರೇಕು, ದೀಪ ನೋಡಿಕೊಂಡು 8ಕ್ಕೆ ಹೊರಡುತ್ತಾರೆ. 9.30ಕ್ಕೆ ಬಳ್ಳಾರಿ, ಅಲ್ಲಿ ಹತ್ತು ನಿಮಿಷ. ರಾತ್ರಿ 12ಕ್ಕೆ ಚಳ್ಳಕೆರೆ, ಅಲ್ಲಿ ಅರ್ಧ ಗಂಟೆ ಊಟ. 12.30ಕ್ಕೆ ಮತ್ತೆ ಹೊರಟು 5ಕ್ಕೆ ಬೆಂಗಳೂರು. ಲೆಕ್ಕ ಒಪ್ಪಿಸಿ ಗಾಡಿ ಬಿಟ್ಟಾಗ 5.30. ಊಟಕ್ಕೆ ಮೊದಲು ನಾಲ್ಕೂವರೆ ಗಂಟೆ, ಆಮೇಲೆ 5 ಗಂಟೆ, ಒಟ್ಟು ಒಂಬತ್ತೂವರೆ. 8 ಗಂಟೆಯ ಮಿತಿ ಮೀರಿದೆ, ಆದರೆ ದೂರದ ಮಾರ್ಗದ ಅನುಮತಿ ಇದ್ದರೆ ಒಪ್ಪುವಂಥದ್ದು. ಊಟದ ನಂತರದ ಪಾಳಿ ಮಾತ್ರ 5 ಗಂಟೆಯ ಗಡಿಗೇ ಅಂಟಿಕೊಂಡಿದೆ. ನೆಲಮಂಗಲದ ಬಳಿ ವಾಹನ ದಟ್ಟಣೆಯಲ್ಲಿ ಇಪ್ಪತ್ತು ನಿಮಿಷ ಸಿಕ್ಕಿಬಿದ್ದರೂ ಗಡಿ ದಾಟುತ್ತದೆ. ಇಷ್ಟು ಬಿಗಿಯಾಗಿ ಬರೆದ ರೋಟಾ ಒಳ್ಳೆಯ ರೋಟಾ ಅಲ್ಲ ಎಂಬುದು ನನ್ನ ಅಭಿಪ್ರಾಯ.

ಇನ್ನು ಮೈಯ ಲೆಕ್ಕ. ನಿದ್ದೆಯನ್ನು ಎರಡು ಸಂಗತಿಗಳು ಆಳುತ್ತವೆ ಎಂದು ಅಲೆಕ್ಸಾಂಡರ್ ಬೊರ್ಬೆಲಿ 1982ರಲ್ಲಿ ವಿವರಿಸಿದರು. ಒಂದು, ಎಚ್ಚರವಿದ್ದಷ್ಟೂ ಏರುತ್ತ ಹೋಗುವ ನಿದ್ದೆಯ ಒತ್ತಡ. ಮಿದುಳಿನಲ್ಲಿ ಶೇಖರವಾಗುವ ಅಡೆನೊಸಿನ್ ಎಂಬ ರಾಸಾಯನಿಕಕ್ಕೆ ಇದರಲ್ಲಿ ದೊಡ್ಡ ಪಾತ್ರವಿದೆ, ಕಾಫಿ ತಾತ್ಕಾಲಿಕವಾಗಿ ತಡೆಯುವುದು ಇದರ ಕೆಲಸವನ್ನೇ. ಎರಡು, ಹಗಲು ರಾತ್ರಿಗೆ ಹೊಂದಿಕೊಂಡು ನಡೆಯುವ ಒಳಗಿನ ಗಡಿಯಾರ. ಇದು ನಸುಕಿನ 3ರಿಂದ 5ರ ಸುಮಾರಿಗೆ ಎಚ್ಚರವನ್ನು ತೀರ ಕೆಳಕ್ಕೆ ಇಳಿಸುತ್ತದೆ. ಮಧ್ಯಾಹ್ನ ಊಟದ ನಂತರ ಇನ್ನೊಂದು ಸಣ್ಣ ಇಳಿತವಿದೆ.

ನಮ್ಮ ಚಾಲಕರು ಅಂದು ಬೆಳಿಗ್ಗೆ 6ಕ್ಕೆ ಎದ್ದಿದ್ದಾರೆ ಎನ್ನೋಣ. ರೋಟಾದ ಪ್ರಕಾರ ಅವರ ದಿನ ಶುರುವಾಗುವುದು ಸಂಜೆ 7.30ಕ್ಕೆ, ಮೈಯ ಪ್ರಕಾರ ಬೆಳಿಗ್ಗೆ 6ಕ್ಕೆ. ರಾತ್ರಿ 11ಕ್ಕೆ, ಚಳ್ಳಕೆರೆ ಬರುವ ಮೊದಲೇ, ಅವರು 17 ಗಂಟೆ ಎಚ್ಚರವಿದ್ದಂತಾಯಿತು. ಡಾಸನ್ ಮತ್ತು ರೀಡ್ 1997ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟಿಸಿದ ಪ್ರಯೋಗದ ಪ್ರಕಾರ, 17 ಗಂಟೆ ನಿದ್ದೆಗೆಟ್ಟವರ ಕೈ ಕಣ್ಣುಗಳ ಹೊಂದಾಣಿಕೆ ರಕ್ತದಲ್ಲಿ ಶೇ 0.05ರಷ್ಟು ಮದ್ಯ ಇರುವವರ ಮಟ್ಟಕ್ಕೆ ಕುಸಿಯುತ್ತದೆ. ನಮ್ಮ ದೇಶದಲ್ಲಿ ವಾಹನ ಓಡಿಸುವವರಿಗೆ ಇರುವ ಮಿತಿ ಶೇ 0.03. ಶಿರಾ ದಾಟಿ ತುಮಕೂರಿನ ಕಡೆ ಸಾಗುವ 3 ಗಂಟೆಯ ಹೊತ್ತಿಗೆ ಅವರು ಎಚ್ಚರವಿದ್ದು 21 ಗಂಟೆ. ಒಳಗಿನ ಗಡಿಯಾರವೂ ಆಗಲೇ ತಳ ಮುಟ್ಟುತ್ತದೆ. ರಸ್ತೆಯೋ ನೇರ, ಅಗಲ, ಏಕತಾನದ್ದು. ಕಣ್ಣು ತೆರೆದೇ ಇದ್ದು ಮಿದುಳು ಕೆಲವು ಕ್ಷಣ ನಿದ್ದೆಗೆ ಜಾರುವುದು ಇಂಥಲ್ಲೇ. 80 ಕಿ.ಮೀ. ವೇಗದಲ್ಲಿ 4 ಸೆಕೆಂಡು ಎಂದರೆ ಸುಮಾರು 90 ಮೀಟರ್ ದೂರ ಬಸ್ಸನ್ನು ಯಾರೂ ಓಡಿಸುತ್ತಿಲ್ಲ.

ಕಾಯ್ದೆಯ ಒಂದು ಗಂಟೆಯೂ ಮುರಿಯದೆ ಇಷ್ಟೆಲ್ಲ ಆಗಬಹುದು. ಪರಿಹಾರ ಮಧ್ಯಾಹ್ನದಲ್ಲಿದೆ. 2ರಿಂದ 4ರವರೆಗೆ ಮಲಗಿದರೆ ಸಹಜ ಇಳಿತದ ಹೊತ್ತಾದ್ದರಿಂದ ನಿದ್ದೆ ಬೇಗ ಹತ್ತುತ್ತದೆ, ಒತ್ತಡ ಇಳಿದು ರಾತ್ರಿಗೆ ಮೈ ಸಿದ್ಧವಾಗುತ್ತದೆ. ಆದರೆ ರಾತ್ರಿ ಡ್ಯೂಟಿಯ ದಿನ ಬೆಳಿಗ್ಗೆ ಚಾಲಕರನ್ನು ಡಿಪೋಗೆ ಕರೆಸದಿದ್ದರೆ ಮಾತ್ರ ಇದು ಸಾಧ್ಯ.

ಒಂಬತ್ತು ಗಂಟೆಯ ವಿಶ್ರಾಂತಿಗೂ ಇದೇ ಮಾತು ಅನ್ವಯಿಸುತ್ತದೆ. ಕುರುಗೋಡಿನ ಚಾಲಕರೊಬ್ಬರು ರಾತ್ರಿ 10ಕ್ಕೆ ಡ್ಯೂಟಿ ಮುಗಿಸಿ ಬೆಳಿಗ್ಗೆ 7ಕ್ಕೆ ಹಾಜರಾಗಬೇಕು ಎನ್ನಿ. ಮನೆ ಸೇರಿ, ಉಂಡು, ಮಲಗುವಾಗ 11.15, ಏಳುವುದು 5.30ಕ್ಕೆ. ಆರು ಗಂಟೆ ದಾಟಿದ ರಾತ್ರಿಯ ನಿದ್ದೆ. ಬೆಂಗಳೂರಿನಲ್ಲಿ ಬೆಳಿಗ್ಗೆ 5.30ಕ್ಕೆ ಇಳಿದವರನ್ನು ಮಧ್ಯಾಹ್ನ 2.30ಕ್ಕೆ ವಾಪಸು ಹೊರಡಿಸಿದರೂ ಅದೇ 9 ಗಂಟೆ. ಆದರೆ ಅವರು ಮಲಗುವಾಗ 7 ಗಂಟೆ, ಹೊರಗೆ ಬಿಸಿಲು, ಗದ್ದಲ, ಒಳಗಿನ ಗಡಿಯಾರ ಎಬ್ಬಿಸುತ್ತಿರುತ್ತದೆ. ಹಗಲಿನ ನಿದ್ದೆ ರಾತ್ರಿಯದಕ್ಕಿಂತ ಒಂದೆರಡು ಗಂಟೆಯಾದರೂ ಮೊಟಕಾಗುತ್ತದೆ. ಹಾಗಾಗಿ ರಾತ್ರಿ ಪಾಳಿ ಮುಗಿಸಿದವರಿಗೆ ಅಂದೇ ಸಂಜೆ 7.30ಕ್ಕಿಂತ ಮೊದಲು ಡ್ಯೂಟಿ ಕೊಡಬಾರದು. ಆಗ ವಿಶ್ರಾಂತಿ 14 ಗಂಟೆಯಾಗುತ್ತದೆ.

ವಾರದ ಲೆಕ್ಕ ಇನ್ನೂ ಸ್ವಾರಸ್ಯದ್ದು. ಒಂಬತ್ತೂವರೆ ಗಂಟೆಯ ಐದು ರಾತ್ರಿಗಳು 54ರೊಳಗೆ ಕೂರುತ್ತವೆ, ಆರು ಕೂರುವುದಿಲ್ಲ. ಐದು ಬೆಸಸಂಖ್ಯೆ, ಐದನೆಯ ಬೆಳಗಿನಲ್ಲಿ ಚಾಲಕರು ಬೆಂಗಳೂರಿನಲ್ಲಿರುತ್ತಾರೆ, ಮನೆ ಸಿರುಗುಪ್ಪದಲ್ಲಿ. ಆದ್ದರಿಂದ ನಾಲ್ಕೇ ರಾತ್ರಿ, ಅಂದರೆ ಎರಡು ಸಲ ಹೋಗಿ ಬರುವುದು, 38 ಗಂಟೆ. ಸೋಮವಾರ ಹೊರಟವರು ಶುಕ್ರವಾರ ಬೆಳಿಗ್ಗೆ ಊರಲ್ಲಿರುತ್ತಾರೆ. ಉಳಿದ 16 ಗಂಟೆಯನ್ನು ಸಿರುಗುಪ್ಪ–ಬಳ್ಳಾರಿ ನಡುವಿನ ಎರಡು ಹಗಲು ಡ್ಯೂಟಿಗಳಿಗೆ ಹಂಚಬಹುದು. ರಜೆ ಶುಕ್ರವಾರವೇ ಬೀಳಬೇಕು. ಮಧ್ಯರಾತ್ರಿ ದಾಟಿದ ಡ್ಯೂಟಿ ಮುಗಿದ ಗಳಿಗೆಯಿಂದ ಮುಂದಿನ 24 ಗಂಟೆಯೇ ಚಾಲಕರ ಮರುದಿನ ಎನ್ನುತ್ತದೆ 1961ರ ಕಾಯ್ದೆ. ಹಾಗೆ ನೋಡಿದರೆ ರಜೆ ಶುಕ್ರವಾರ 5.30ಕ್ಕೆ ಶುರುವಾಗಿ ಶನಿವಾರ 5.30ಕ್ಕೆ ಮುಗಿಯುತ್ತದೆ, ಅದರ ಅರ್ಧ ನಿದ್ದೆಯ ಬಾಕಿ ತೀರಿಸುವುದಕ್ಕೇ ಹೋಗುತ್ತದೆ. ಶನಿವಾರದ ಡ್ಯೂಟಿಯನ್ನು ನಸುಕಿನ ಮೊದಲ ಬಸ್ಸಿಗೆ ಹಾಕದೆ 9 ಗಂಟೆಗೆ ಶುರು ಮಾಡಿದರೆ ಒಂದು ಪೂರ್ತಿ ರಾತ್ರಿ ಮನೆಯಲ್ಲಿ ಮಲಗಿದಂತಾಗುತ್ತದೆ.

ಹಾಳೆಯ ಮೇಲಿನ ರೋಟಾ ರಸ್ತೆಯ ಮೇಲೂ ನಡೆಯುತ್ತಿದೆಯೇ ಎಂದು ತಿಳಿಯಲು ಲಾಗ್ ಶೀಟ್ ಸಾಕು. ಬಸ್ ಮುಟ್ಟಿದ ನಿಜವಾದ ವೇಳೆಯನ್ನು ಒಂದು ತಿಂಗಳು ಪಟ್ಟಿ ಮಾಡಿ. ದಿನವೂ ಅರ್ಧ, ಮುಕ್ಕಾಲು ಗಂಟೆ ತಡವಾಗುತ್ತಿದ್ದರೆ ಅದು ಚಾಲಕರ ತಪ್ಪಲ್ಲ, ಓಟದ ವೇಳೆಯನ್ನೇ ಕಡಿಮೆ ಬರೆದಿದ್ದಾರೆ. ಆ ಮುಕ್ಕಾಲು ಗಂಟೆ ಹೋಗುವುದು ಅವರ ನಿದ್ದೆಯಿಂದ. ಇನ್ನೊಬ್ಬರು ಗೈರಾದಾಗ ಆಗ ತಾನೇ ಬಂದವರಿಗೆ ಡಬಲ್ ಡ್ಯೂಟಿ ಹಚ್ಚಿದ ದಿನಗಳನ್ನೂ ಅದರಲ್ಲೇ ಎಣಿಸಬಹುದು.

ಚಾಲಕ ಬಂಧುಗಳಿಗೊಂದು ಮಾತು. ಈಗ ದಾಟಿದ ಊರು ನೆನಪಾಗದಿದ್ದರೆ, ಗಾಡಿ ಗೆರೆ ಬಿಟ್ಟು ಸರಿಯುತ್ತಿದ್ದರೆ, ವೇಗ ತನ್ನಷ್ಟಕ್ಕೆ ಏರಿಳಿಯುತ್ತಿದ್ದರೆ ಕಿಟಕಿ ತೆರೆಯುವುದು, ಹಾಡು ಹಾಕುವುದು ನಿದ್ದೆಯನ್ನು ಓಡಿಸುವುದಿಲ್ಲ. ಸುರಕ್ಷಿತ ಜಾಗದಲ್ಲಿ ನಿಲ್ಲಿಸಿ, ಒಂದು ಕಾಫಿ ಕುಡಿದು ಕೂಡಲೇ ಇಪ್ಪತ್ತು ನಿಮಿಷ ಕಣ್ಣು ಮುಚ್ಚಿ. ಕಾಫಿ ಕೆಲಸ ಶುರು ಮಾಡಲು ಸುಮಾರು ಅಷ್ಟೇ ಹೊತ್ತು ಬೇಕು. ಎದ್ದ ಮೇಲೆ ಮಂಪರು ಹರಿಯುವವರೆಗೆ ಕೆಲವು ನಿಮಿಷ ಅಡ್ಡಾಡಿ, ಆಮೇಲೆ ಹೊರಡಿ. ಬಸ್ ತಡವಾಯಿತೆಂದು ಪ್ರಯಾಣಿಕರು ಕೇಳಿದರೆ ಇದ್ದ ಕಾರಣವನ್ನೇ ಹೇಳಿ.