ಅಳಿವೆಯ ಆಚೆ ನಿಂತ ದೋಣಿ

ಮೀನುಗಾರನ ಮಗು, ಏಕಾಏಕಿ ಎದ್ದ ಬಿರುಗಾಳಿ, ದಡದಲ್ಲಿ ಕಾಯುವಿಕೆ. ಈ ಮೂರನ್ನಿಟ್ಟುಕೊಂಡು ಸಣ್ಣಕತೆ ಬರೆಯಲು ಹೊರಟವರು ಸಾಮಾನ್ಯವಾಗಿ ಒಂದೇ ಜಾಡು ಹಿಡಿಯುತ್ತಾರೆ: ಅಪ್ಪ ನಡುಗಡಲಲ್ಲಿ ಅಲೆಗಳೊಡನೆ ಸೆಣಸುತ್ತಾನೆ, ಮಗು ಲಾಟೀನು ಹಿಡಿದು ನಿಲ್ಲುತ್ತದೆ, ಬೆಳಗಿನ ಹೊತ್ತಿಗೆ ದೋಣಿ ದಡ ಸೇರುತ್ತದೆ. ಕರಾವಳಿಯವರು ಓದಿದರೆ ಮೊದಲು ಕೇಳುವುದೇ ಬೇರೆ. ಇವನು ಅಳಿವೆ ದಾಟಿದ್ದು ಹೇಗೆ?

ಕುಂದಾಪುರದ ಹತ್ತಿರದ ಗಂಗೊಳ್ಳಿಯನ್ನೇ ನೋಡಿ. ಸೌಪರ್ಣಿಕಾ, ವಾರಾಹಿ, ಚಕ್ರಾ, ಕುಬ್ಜಾ, ಖೇಟ ಎಂಬ ಐದು ನದಿಗಳು ಒಟ್ಟಾಗಿ ಇಲ್ಲಿ ಕಡಲು ಸೇರುತ್ತವೆ. ನದಿ ಹೊತ್ತು ತಂದ ಮರಳನ್ನು ಅಲೆ ಒಳಕ್ಕೆ ನೂಕುತ್ತದೆ, ಹೀಗೆ ಅಳಿವೆ ಬಾಗಿಲಲ್ಲಿ ದಿಬ್ಬ ಬೀಳುತ್ತದೆ. ಆಳದ ನೀರಿನಲ್ಲಿ ಎರಡು ಮೀಟರ್ ಎತ್ತರದ ಅಲೆ ದೋಣಿಯನ್ನು ಎತ್ತಿ ಇಳಿಸುತ್ತದೆ, ಅಷ್ಟೆ. ಅದೇ ಅಲೆ ಎರಡೂವರೆ ಮೀಟರ್ ಆಳದ ದಿಬ್ಬದ ಮೇಲೆ ಬಂದಾಗ ಬುಡ ತಡೆದು, ತಲೆ ಮುಂದಕ್ಕೆ ವಾಲಿ ಒಡೆಯುತ್ತದೆ. ಇಳಿತದ ಹೊತ್ತಿನಲ್ಲಂತೂ ಹೊರಕ್ಕೆ ಹರಿಯುವ ನದಿನೀರು ಎದುರಾಗಿ ಅಲೆ ಇನ್ನೂ ಕಡಿದಾಗುತ್ತದೆ. ಆಗ ಒಳನುಗ್ಗುವ ದೋಣಿಯ ಹಿಂಬದಿಯನ್ನು ಅಲೆ ಎತ್ತಿಬಿಟ್ಟರೆ ಚುಕ್ಕಾಣಿ ಹಿಡಿತಕ್ಕೆ ಸಿಗುವುದಿಲ್ಲ. ದೋಣಿ ಅಡ್ಡಕ್ಕೆ ತಿರುಗುತ್ತದೆ, ಮುಂದಿನ ಅಲೆಗೆ ಮಗುಚುತ್ತದೆ.

ಇಂಥ ಹೊತ್ತಿನಲ್ಲಿ ಅನುಭವಸ್ಥ ತಂಡೇಲ ದಡದತ್ತ ಧಾವಿಸುವುದಿಲ್ಲ. ದೋಣಿಯ ಮುಂಭಾಗವನ್ನು ಗಾಳಿಗೆ ಎದುರಾಗಿ ಹಿಡಿದು, ನಿಧಾನ ವೇಗದಲ್ಲಿ ಅಳಿವೆಯ ಹೊರಗೇ ಉಳಿಯುತ್ತಾನೆ. ಆಳ ಕೂಡಿಬಂದರೆ ಲಂಗರು ಹಾಕುತ್ತಾನೆ. ಇಳಿತದಿಂದ ಭರತಕ್ಕೆ ಹೆಚ್ಚುಕಡಿಮೆ ಆರು ಗಂಟೆ. ನೀರು ಏರಿ ದಿಬ್ಬದ ಮೇಲೆ ಆಳ ಸಿಕ್ಕಿದ ಮೇಲೆಯೇ ಒಳಗೆ ಬರುವ ಯೋಚನೆ. ಅಪ್ಪ ಬಾರದಿರುವುದೇ ಒಳ್ಳೆಯ ಸುದ್ದಿಯಾಗಿರಬಹುದು!

ಕತೆಗೆ ಬೇಕಾದ ಬಿಗಿ ಇಲ್ಲೇ ಇದೆ. ಹತ್ತು ವರ್ಷದ ಹುಡುಗಿಯೊಬ್ಬಳನ್ನು ಕಲ್ಪಿಸಿಕೊಳ್ಳೋಣ. ಸಂಜೆ ನಾಲ್ಕಕ್ಕೆ ಗಾಳಿ ತಿರುಗಿದೆ, ಬಂದರಿನ ಕಂಬದಲ್ಲಿ ಮೂರನೇ ನಂಬರಿನ ಎಚ್ಚರಿಕೆ ಸಂಕೇತ ಏರಿದೆ. ಅಪ್ಪನದು ಔಟ್‌ಬೋರ್ಡ್ ಎಂಜಿನ್ನಿನ ನಾಡದೋಣಿ. ದಕ್ಕೆಯಲ್ಲಿ ಸೇರಿದ ಹೆಂಗಸರು ದೇವರಿಗೆ ಹರಕೆ ಹೊರುತ್ತಿದ್ದರೆ ಈ ಹುಡುಗಿ ತಡೆಗೋಡೆಯ ಕಲ್ಲಿನ ಮೇಲಿನ ಒದ್ದೆ ಗೆರೆ ನೋಡುತ್ತಾಳೆ. "ಅಪ್ಪಯ್ಯ ಈಗ ಬಪ್ಪುದಿಲ್ಲ, ನೀರ್ ಇಳಿತಾ ಇತ್ತ್" ಎನ್ನುತ್ತಾಳೆ. ಅಷ್ಟರಲ್ಲಿ ದೂರದಲ್ಲಿ ಒಂದು ದೋಣಿ ಅಳಿವೆಯತ್ತ ಮೂತಿ ತಿರುಗಿಸುತ್ತದೆ. ಸುತ್ತಲಿನವರಿಗೆ ಅದು ಸಂತೋಷದ ಕೂಗು. ಅವಳಿಗೆ ಅದು ಅಪ್ಪನ ದೋಣಿಯಾಗದಿರಲಿ ಎಂಬ ಆಸೆ. ಎಂಜಿನ್ನಿಗೆ ನೀರು ನುಗ್ಗಿರಬಹುದು, ಪ್ರೊಪೆಲ್ಲರಿಗೆ ಬಲೆ ಸುತ್ತಿಕೊಂಡಿರಬಹುದು, ಸೀಮೆಎಣ್ಣೆ ಮುಗಿದಿರಬಹುದು. ಹೊರಗೆ ನಿಲ್ಲಲಾಗದೆ ಹೊರಟ ದೋಣಿಯೇ ಅದು. ಸಿಡಿಲು, ಮಿಂಚಿನ ವರ್ಣನೆಗೆ ಎರಡು ಪುಟ ಸುರಿಯುವ ಬದಲು ಕತೆಗಾರ ಈ ಒಂದು ಗಳಿಗೆಯನ್ನು ಹಿಗ್ಗಿಸಬಹುದು.

ಆಳಸಮುದ್ರದ ಬೋಟಿನವರ ಮನೆಯ ಮಗುವಿಗೆ ಈ ಲೆಕ್ಕ ಸಾಲದು. ಆ ಬೋಟುಗಳು ವಾರಗಟ್ಟಲೆ ಹೊರಗಿರುತ್ತವೆ. ಮೊಬೈಲ್ ಸಿಗ್ನಲ್ ತೀರ ಬಿಟ್ಟು ಸ್ವಲ್ಪ ದೂರಕ್ಕೇ ಕೈಕೊಡುತ್ತದೆ, ವಿಎಚ್‌ಎಫ್ ರೇಡಿಯೊ ಅದಕ್ಕಿಂತ ತುಸು ಮುಂದಕ್ಕೆ ಹೋದೀತು. 2017ರ ಒಖಿ ಚಂಡಮಾರುತದಲ್ಲಿ ಆದದ್ದು ಇದೇ. ನವೆಂಬರ್ 29ರಂದು ಶ್ರೀಲಂಕಾದ ಬಳಿ ವಾಯುಭಾರ ಕುಸಿತವಾಗಿದ್ದದ್ದು ಮರುದಿನ ಬೆಳಿಗ್ಗೆಯೇ ಕನ್ಯಾಕುಮಾರಿಯ ಬಳಿ ಚಂಡಮಾರುತವಾಗಿತ್ತು. ಕನ್ಯಾಕುಮಾರಿ, ತಿರುವನಂತಪುರ ಜಿಲ್ಲೆಗಳ ಬೋಟುಗಳು ಆಗಲೇ ಕಡಲಲ್ಲಿದ್ದವು, ಎಚ್ಚರಿಕೆ ಅವರನ್ನು ಮುಟ್ಟಲಿಲ್ಲ. ಇನ್ನೂರಕ್ಕೂ ಹೆಚ್ಚು ಮಂದಿ ಮರಳಲಿಲ್ಲ. ಇತ್ತ ಎಷ್ಟೋ ಬೋಟುಗಳು ಬಡಗಣಕ್ಕೆ ಹೋಗಿ ಮಹಾರಾಷ್ಟ್ರದ ದೇವಗಡದಂಥ ಬಂದರುಗಳಲ್ಲಿ ಆಶ್ರಯ ಪಡೆದವು. ಊರಿನ ಮಕ್ಕಳ ಕಾಯುವಿಕೆ ಒಂದು ರಾತ್ರಿಗೆ ಮುಗಿಯಲಿಲ್ಲ. ಅಂಥ ಕತೆಯಲ್ಲಿ ಮಗು ಕಡಲನ್ನಲ್ಲ, ಫೋನನ್ನು ನೋಡುತ್ತ ಕೂರುತ್ತದೆ. ಗೊತ್ತಿಲ್ಲದ ನಂಬರಿನಿಂದ ಕರೆ ಬಂದರೆ ಮನೆಯವರು ಬೆಚ್ಚುತ್ತಾರೆ.

2019ರಲ್ಲಿ ಬಂದ ಜೆಮಿನಿ ಎಂಬ ಸಾಧನ ಉಪಗ್ರಹದ ಮೂಲಕ ಹವಾಮಾನದ ಎಚ್ಚರಿಕೆಯನ್ನು ನಡುಗಡಲಿನ ಬೋಟಿಗೂ ಮುಟ್ಟಿಸುತ್ತದೆ, ಆದರೆ ಬೋಟಿನಿಂದ ಉತ್ತರ ಬರುವಂತಿಲ್ಲ. ಬೋಟಿನಿಂದಲೂ ಆಪತ್ತಿನ ಸಂದೇಶ ಕಳಿಸಬಲ್ಲ ಟ್ರಾನ್ಸ್‌ಪಾಂಡರುಗಳನ್ನು ಒಂದು ಲಕ್ಷ ಬೋಟುಗಳಿಗೆ ಅಳವಡಿಸುವ ಯೋಜನೆಗೆ 2024ರ ಆಗಸ್ಟ್‌ನಲ್ಲಿ ಚಾಲನೆ ಸಿಕ್ಕಿತು. ಇನ್ನು ಮುಂದೆ ಈ ಕತೆ ಬರೆಯುವವರು ಅಪ್ಪನ ಬೋಟಿನಲ್ಲಿ ಈ ಎರಡರಲ್ಲಿ ಯಾವುದಿದೆ ಎಂದು ಮೊದಲೇ ತೀರ್ಮಾನಿಸಿಕೊಳ್ಳಬೇಕಾಗುತ್ತದೆ.