ಹುಳಿಗೆ ಕಂದುವ ಬೀನ್ಸ್, ಸೋಡಾಗೆ ನೀಲಿಯಾಗುವ ಕೋಸು

ಹತ್ತನೆಯ ತರಗತಿಯ ವಿಜ್ಞಾನ ಪುಸ್ತಕದಲ್ಲಿ ಲಿಟ್ಮಸ್, ಅರಿಶಿನಗಳ ಜೊತೆಗೆ ಕೆಂಪು ಎಲೆಕೋಸಿನ ಹೆಸರೂ ನೈಸರ್ಗಿಕ ಸೂಚಕಗಳ ಸಾಲಿನಲ್ಲಿ ಬರುತ್ತದೆ. ಮುಂದೆ ಗೃಹವಿಜ್ಞಾನವನ್ನೋ ಆಹಾರ ವಿಜ್ಞಾನವನ್ನೋ ಓದಲು ಹೋದವರಿಗೆ ಇನ್ನೊಂದು ಪ್ರಶ್ನೆ ಎದುರಾಗುತ್ತದೆ: ಹಸಿರು ತರಕಾರಿಯನ್ನು ಹುಳಿ ಹಾಕಿ ಬೇಯಿಸಿದರೆ ಬಣ್ಣ ಏನಾಗುತ್ತದೆ, ಸೋಡಾ ಹಾಕಿ ಬೇಯಿಸಿದರೆ ಏನಾಗುತ್ತದೆ? ಹಲವರು ಎರಡನ್ನೂ ಒಂದೇ ಕೋಷ್ಟಕಕ್ಕೆ ಸೇರಿಸಿ, ಆಮ್ಲದಲ್ಲಿ ಈ ಬಣ್ಣ, ಪ್ರತ್ಯಾಮ್ಲದಲ್ಲಿ ಆ ಬಣ್ಣ ಎಂದು ಬರೆದು ಮುಗಿಸುತ್ತಾರೆ. ಕೋಷ್ಟಕದಲ್ಲಿ ತಪ್ಪಿಲ್ಲ. ಆದರೆ ಬೀನ್ಸ್ ಕಂದುವುದೂ ಕೋಸು ಕೆಂಪಾಗುವುದೂ ಒಂದೇ ಜಾತಿಯ ಕ್ರಿಯೆಗಳಲ್ಲ. ಕೋಸಿನ ಬಣ್ಣ ಹೋದ ದಾರಿಯಲ್ಲೇ ವಾಪಸು ಬರುತ್ತದೆ. ಬೀನ್ಸಿನ ಬಣ್ಣ ಹೋದರೆ ಹೋಯಿತು.

ಇದನ್ನು ಅಡುಗೆಮನೆಯಲ್ಲೇ ನೋಡಬಹುದು. ಎಳೆಯ ಬೀನ್ಸನ್ನು ಒಂದೇ ಅಳತೆಗೆ ಹೆಚ್ಚಿ ಮೂರು ಪಾಲು ಮಾಡಿ. ಮೂರು ಪಾತ್ರೆಗಳಲ್ಲಿ ಅರ್ಧರ್ಧ ಲೀಟರ್ ನೀರು ಕುದಿಯಲಿ. ಒಂದಕ್ಕೆ ಏನೂ ಬೇಡ, ಇನ್ನೊಂದಕ್ಕೆ ಎರಡು ಚಮಚ ಗಟ್ಟಿ ಹುಣಸೆ ರಸ, ಮೂರನೆಯದಕ್ಕೆ ಕಾಲು ಚಮಚ ಅಡುಗೆ ಸೋಡಾ. ಬೀನ್ಸ್ ಬಿದ್ದ ಅರ್ಧ ನಿಮಿಷದೊಳಗೆ ಸಾದಾ ನೀರಿನ ಪಾತ್ರೆಯಲ್ಲಿ ಹಸಿರು ಮೊದಲಿಗಿಂತ ಗಾಢವಾಗಿ ಹೊಳೆಯುತ್ತದೆ. ಇದು ರಸಾಯನಶಾಸ್ತ್ರವಲ್ಲ, ಬರೀ ಗಾಳಿಯ ಆಟ. ಹಸಿ ತರಕಾರಿಯ ಕೋಶಗಳ ನಡುವೆ ಸಿಕ್ಕಿಕೊಂಡಿರುವ ಗಾಳಿ ಬೆಳಕನ್ನು ಚದುರಿಸಿ ಬಣ್ಣವನ್ನು ಮಂಕು ಮಾಡಿರುತ್ತದೆ. ಬಿಸಿಗೆ ಆ ಗಾಳಿ ಹೊರಬಿದ್ದು ಅಲ್ಲಿ ನೀರು ತುಂಬಿಕೊಂಡಾಗ ಒಳಗಿದ್ದ ಹಸಿರು ಚೆನ್ನಾಗಿ ಕಾಣುತ್ತದೆ.

ಐದಾರು ನಿಮಿಷ ಕಳೆದ ಮೇಲೆ ಮೂರೂ ಪಾತ್ರೆಗಳು ಮೂರು ದಾರಿ ಹಿಡಿದಿರುತ್ತವೆ. ಹುಣಸೆಯ ಪಾತ್ರೆಯಲ್ಲಿ ಬೀನ್ಸ್ ಕಂದು ಮಿಶ್ರಿತ ಹಸಿರಾಗಿ, ಹಳೆಯ ಉಪ್ಪಿನಕಾಯಿಯ ಹೋಳಿನ ಬಣ್ಣಕ್ಕೆ ಬಂದಿರುತ್ತದೆ. ಹಿಚುಕಿ ನೋಡಿದರೆ ಇನ್ನೂ ಗಟ್ಟಿ. ಸೋಡಾ ಪಾತ್ರೆಯಲ್ಲಿ ಕಣ್ಣಿಗೆ ಹೊಡೆಯುವಂಥ ಹಸಿರು, ಆದರೆ ಬೆರಳಿಟ್ಟರೆ ಲೊಳೆ. ಅಲ್ಲಿ ಗಮನಿಸಬೇಕಾದ ಇನ್ನೊಂದು ಸಂಗತಿಯಿದೆ: ಸಾದಾ ಪಾತ್ರೆಯ ನೀರಿಗೆ ಹತ್ತಿದ ಹಸಿರು ಅಷ್ಟಕ್ಕಷ್ಟೆ, ಸೋಡಾ ಪಾತ್ರೆಯ ನೀರು ಮಾತ್ರ ಎದ್ದು ಕಾಣುವಷ್ಟು ಹಸಿರು.

ಈಗ ಹುಣಸೆ ಪಾತ್ರೆಗೆ ಸ್ವಲ್ಪಸ್ವಲ್ಪವಾಗಿ ಸೋಡಾ ಹಾಕಿ. ನೊರೆ ಬರುತ್ತದೆ, ಹುಳಿ ಕಡಿಮೆಯಾಗುತ್ತದೆ. ಬೀನ್ಸ್ ಮಾತ್ರ ಕಂದಾಗಿಯೇ ಉಳಿಯುತ್ತದೆ.

ಕಾರಣ ಪತ್ರಹರಿತ್ತಿನ ಅಣುವಿನ ರಚನೆಯಲ್ಲಿದೆ. ಕ್ಲೋರೊಫಿಲ್ ಎಂದು ನಾವು ಕರೆಯುವ ಈ ಅಣುವಿಗೆ ಎರಡು ಭಾಗ. ಒಂದು ನಾಲ್ಕು ಸಾರಜನಕ ಪರಮಾಣುಗಳು ಒಳಮುಖವಾಗಿರುವ ದೊಡ್ಡ ಬಳೆ, ಇನ್ನೊಂದು ಅದಕ್ಕೆ ಅಂಟಿದ ಇಪ್ಪತ್ತು ಇಂಗಾಲಗಳ ಉದ್ದನೆಯ ಬಾಲ. ಬಳೆಯ ನಡುವೆ ಆ ಸಾರಜನಕಗಳು ಹಿಡಿದುಕೊಂಡಿರುವ ಒಂದೇ ಒಂದು ಮೆಗ್ನೀಸಿಯಂ, ಉಂಗುರದಲ್ಲಿ ಹರಳು ಕೂರಿಸಿದ ಹಾಗೆ. ಆಮ್ಲದಲ್ಲಿ ಹೈಡ್ರೋಜನ್ ಅಯಾನುಗಳು ಹೇರಳ. ಎರಡು ಹೈಡ್ರೋಜನ್ ಒಳಗೆ ನುಗ್ಗಿದರೆ ಮೆಗ್ನೀಸಿಯಂ ಹೊರಬೀಳುತ್ತದೆ. ಹರಳು ಕಳೆದುಕೊಂಡ ಈ ಅಣುವಿನ ಹೆಸರು ಫಿಯೋಫೈಟಿನ್, ಅದರ ಬಣ್ಣವೇ ಆ ಮಾಸಲು ಕಂದು. ಸೋಡಾ ಹಾಕಿದರೆ ನೀರಿನ ಹುಳಿ ತೊಲಗುತ್ತದೆಯೇ ಹೊರತು ಕರಗಿಹೋದ ಮೆಗ್ನೀಸಿಯಂ ಬಳೆಯೊಳಗೆ ವಾಪಸು ಹೋಗಿ ಕೂರುವುದಿಲ್ಲ.

ಹುಣಸೆ ಹಾಕದಿದ್ದರೂ ಹೆಚ್ಚು ಹೊತ್ತು ಬೆಂದ ಸೊಪ್ಪು ಕಂದುತ್ತದಲ್ಲ, ಅದಕ್ಕೂ ಇದೇ ಕಾರಣ. ಪ್ರತಿ ಕೋಶದಲ್ಲೂ ಅದರದೇ ಹುಳಿ ಇದೆ. ಹಸಿಯಾಗಿರುವಾಗ ಆ ಆಮ್ಲ ಒಂದು ಚೀಲದಲ್ಲಿ, ಪತ್ರಹರಿತ್ತು ಇನ್ನೊಂದು ಚೀಲದಲ್ಲಿ ಬೇರೆಬೇರೆ ಇರುತ್ತವೆ. ಬಿಸಿಗೆ ಚೀಲಗಳ ಪೊರೆ ಹರಿದು ಎರಡೂ ಕಲೆಯುತ್ತವೆ. ಈ ಆಮ್ಲಗಳಲ್ಲಿ ಕೆಲವು ಹಬೆಯ ಜೊತೆ ಹಾರಿಹೋಗುವಂಥವು. ಮುಚ್ಚಳ ಮುಚ್ಚಿದರೆ ಅವು ಮತ್ತೆ ಪಾತ್ರೆಗೇ ಇಳಿಯುತ್ತವೆ. ಮುಚ್ಚಳ ತೆರೆದು, ಧಾರಾಳ ಕುದಿಯುವ ನೀರಿನಲ್ಲಿ ಐದರಿಂದ ಏಳು ನಿಮಿಷದೊಳಗೆ ಬೇಯಿಸಿ ಇಳಿಸಿದರೆ ಹಸಿರು ಬಹುಮಟ್ಟಿಗೆ ಉಳಿಯುತ್ತದೆ. ಕುಕ್ಕರಿನಲ್ಲಿ ಈ ಉಪಾಯ ನಡೆಯುವುದಿಲ್ಲ. ಅಲ್ಲಿ ಮುಚ್ಚಳವೂ ಭದ್ರ, ಶಾಖವೂ ನೂರು ಡಿಗ್ರಿಗಿಂತ ಮೇಲೆ. ಎರಡು ವಿಷಲ್ ಆದ ಮೇಲೆ ಪಾಲಕ್ ಹಸಿರಾಗಿಲ್ಲವೆಂದು ಗೊಣಗಿ ಪ್ರಯೋಜನವಿಲ್ಲ.

ಸೋಡಾ ಮಾಡುವ ಕೆಲಸ ಬೇರೆ. ಅದು ಆಮ್ಲವನ್ನು ತಟಸ್ಥಗೊಳಿಸಿ ಮೆಗ್ನೀಸಿಯಂ ಜಾರದಂತೆ ನೋಡಿಕೊಳ್ಳುತ್ತದೆ. ಜೊತೆಗೆ ಅಣುವಿನ ಉದ್ದನೆಯ ಬಾಲವನ್ನು ಕತ್ತರಿಸುತ್ತದೆ. ಪತ್ರಹರಿತ್ತು ಎಣ್ಣೆಗೆ ಒಲಿದು ನೀರಿಗೆ ಒಲಿಯದೆ ಇರುವುದು ಈ ಬಾಲದಿಂದಲೇ. ಅದು ಹೋದರೆ ಉಳಿಯುವ ಕ್ಲೋರೊಫಿಲಿನ್ ನೀರಿನಲ್ಲಿ ಕರಗುತ್ತದೆ. ಸೋಡಾ ಪಾತ್ರೆಯ ನೀರು ಹಸಿರಾದದ್ದು ಹೀಗೆ. ಇಷ್ಟರಲ್ಲೇ ನಿಂತಿದ್ದರೆ ಸೋಡಾ ಹಾಕಿ ಎಂದು ಹೇಳಿಬಿಡಬಹುದಿತ್ತು. ಆದರೆ ಕೋಶಗಳನ್ನು ಒಂದಕ್ಕೊಂದು ಅಂಟಿಸಿ ಹಿಡಿದಿರುವ ಪೆಕ್ಟಿನ್ ಪ್ರತ್ಯಾಮ್ಲದಲ್ಲಿ ಬೇಗ ಒಡೆಯುತ್ತದೆ, ಅದಕ್ಕೇ ಆ ಲೊಳೆ. ಸಿ ಜೀವಸತ್ವವೂ ಬಿ-1 ಜೀವಸತ್ವವೂ ಪ್ರತ್ಯಾಮ್ಲದಲ್ಲಿ ಕುದ್ದರೆ ಬೇಗ ನಾಶವಾಗುತ್ತವೆ. ಆಮ್ಲದ್ದು ಇದಕ್ಕೆ ತಿರುಗುಮುರುಗು: ಅಲ್ಲಿ ಪೆಕ್ಟಿನ್ ಸುಲಭಕ್ಕೆ ಒಡೆಯುವುದಿಲ್ಲ. ಹುಳಿ ಬಿದ್ದ ಮೇಲೆ ಹೋಳು ಬೇಯುವುದಿಲ್ಲ, ಹೋಳು ಬೆಂದ ಮೇಲೆ ಹುಣಸೆ ಹಿಂಡು ಎಂದು ಅಜ್ಜಿಯರು ಹೇಳುವುದು ಇದನ್ನೇ. ಆ ಮಾತು ಹೋಳಿನ ಮೆದುವಿಗಾಗಿ ಹುಟ್ಟಿದ್ದು, ಬಣ್ಣ ಉಳಿಯುವುದು ಅದರ ಜೊತೆಗೆ ಸಿಕ್ಕ ಲಾಭ.

ಇನ್ನು ಕೆಂಪು ಎಲೆಕೋಸು. ನಾಲ್ಕು ಎಲೆ ಸಣ್ಣಗೆ ಹೆಚ್ಚಿ, ಮುಳುಗುವಷ್ಟು ಬಿಸಿನೀರು ಹುಯ್ದು ಹತ್ತು ನಿಮಿಷ ಬಿಟ್ಟು ಸೋಸಿ. ನೇರಳೆ ಬಣ್ಣದ ನೀರು ಸಿಗುತ್ತದೆ. ಬೀನ್ಸಿನಂತಲ್ಲದೆ ಇಲ್ಲಿ ಬಣ್ಣ ಸಲೀಸಾಗಿ ನೀರಿಗೆ ಇಳಿಯುತ್ತದೆ, ಏಕೆಂದರೆ ಆಂಥೋಸಯನಿನ್ ಎಂಬ ಈ ವರ್ಣಕಕ್ಕೆ ಸಕ್ಕರೆಗಳು ಅಂಟಿಕೊಂಡಿವೆ, ನೀರಿನಲ್ಲಿ ಕರಗುವುದೇ ಅದರ ಸ್ವಭಾವ. ಒಂದು ಲೋಟಕ್ಕೆ ನಿಂಬೆರಸ ಬಿಟ್ಟರೆ ಕೆಂಪು ಗುಲಾಬಿ. ಇನ್ನೊಂದಕ್ಕೆ ಚಿಟಿಕೆ ಅಡುಗೆ ಸೋಡಾ ಹಾಕಿದರೆ ನೀಲಿ. ಮತ್ತೊಂದಕ್ಕೆ ಬಟ್ಟೆ ಒಗೆಯುವ ಸೋಡಾ ಹಾಕಿದರೆ ಹಸಿರು. ಎಲೆ ಅಡಿಕೆಯ ಸುಣ್ಣದ ತಿಳಿ ಹಾಕಿದರೆ ಹಸಿರಾಗಿ, ಇಟ್ಟಲ್ಲೇ ನಿಧಾನವಾಗಿ ಹಳದಿಗೆ ತಿರುಗುತ್ತದೆ.

ನೀಲಿ ಲೋಟಕ್ಕೆ ಈಗ ನಿಂಬೆ ಹಿಂಡಿ. ಸೋಡಾ ನೊರೆಯೇಳುತ್ತದೆ. ಹನಿ ಬಿದ್ದ ಕಡೆ ಗುಲಾಬಿ ಎಳೆಗಳು ಕಾಣಿಸಿ ನೇರಳೆಗೆ ಕರಗುತ್ತವೆ, ಹನಿ ಹೆಚ್ಚಿದಂತೆ ಇಡೀ ಲೋಟ ಕೆಂಪಾಗುತ್ತದೆ. ಮತ್ತೆ ಸೋಡಾ ಹಾಕಿದರೆ ಮತ್ತೆ ನೀಲಿ. ಇಲ್ಲಿ ಅಣುವಿನಿಂದ ಯಾವ ಲೋಹವೂ ಕಳಚಿಲ್ಲ. ಆಮ್ಲದಲ್ಲಿ ಅದು ಧನ ವಿದ್ಯುದಂಶ ಹೊತ್ತಿರುತ್ತದೆ, ಆಗ ಕೆಂಪು. ಆಮ್ಲ ಕಡಿಮೆಯಾದಂತೆ ಒಂದು ಹೈಡ್ರೋಜನ್ ಬಿಟ್ಟುಕೊಟ್ಟು ನೇರಳೆ, ಇನ್ನೊಂದನ್ನು ಬಿಟ್ಟು ನೀಲಿ. ಪ್ರತಿ ಸಲವೂ ಎಲೆಕ್ಟ್ರಾನುಗಳ ಹಂಚಿಕೆ ಬದಲಾಗಿ ಅಣು ಹೀರುವ ಬೆಳಕು ಬದಲಾಗುತ್ತದೆ. ಹೈಡ್ರೋಜನ್ ವಾಪಸು ಕೊಟ್ಟರೆ ಬಣ್ಣವೂ ವಾಪಸು.

ಹಸಿರು ಲೋಟದ ಕಥೆ ಸ್ವಲ್ಪ ಬೇರೆ, ಪರೀಕ್ಷೆಯಲ್ಲಿ ಎಡವುವುದೂ ಇಲ್ಲೇ. ಅದು ಪತ್ರಹರಿತ್ತಿನ ಹಸಿರಲ್ಲ. ಪ್ರತ್ಯಾಮ್ಲ ಜೋರಾದಾಗ ಕೆಲವು ಅಣುಗಳ ನಡುವಿನ ಬಳೆ ಬಿಚ್ಚಿಕೊಂಡು ಚಾಲ್ಕೋನ್ ಎಂಬ ಹಳದಿ ರೂಪ ತಾಳುತ್ತವೆ. ಉಳಿದ ನೀಲಿಯೂ ಈ ಹಳದಿಯೂ ಬೆರೆತು ನಮಗೆ ಹಸಿರು ಕಾಣುತ್ತದೆ. ಪೂರ್ತಿ ಹಳದಿಯಾಗುವವರೆಗೆ ಬಿಟ್ಟರೆ ಅಣುಗಳು ಒಡೆಯತೊಡಗುತ್ತವೆ, ಆಮೇಲೆ ಎಷ್ಟು ನಿಂಬೆ ಹಿಂಡಿದರೂ ಮೊದಲಿನ ಕೆಂಪು ಬರುವುದಿಲ್ಲ. ವಾಪಸು ಬರುವ ದಾರಿಗೂ ಒಂದು ಗಡಿ ಇದೆ.

ವಿಶೇಷವೆಂದರೆ ಈ ಎರಡೂ ವರ್ಣಕಗಳ ಗುಟ್ಟು ಬಿಡಿಸುವ ಕೆಲಸ ಮಾಡಿದವನು ಒಬ್ಬನೇ, ಜರ್ಮನಿಯ ರಿಚರ್ಡ್ ವಿಲ್‌ಸ್ಟೆಟರ್. ಪತ್ರಹರಿತ್ತಿನಲ್ಲಿ ಮೆಗ್ನೀಸಿಯಂ ಕಲಬೆರಕೆಯಾಗಿ ಬಂದದ್ದಲ್ಲ, ಅದು ಅಣುವಿನದೇ ಅಂಗ ಎಂದು ತೋರಿಸಿದವನು ಅವನು. 1915ರ ನೊಬೆಲ್ ಬಹುಮಾನ ಬಂದದ್ದು ಸಸ್ಯ ವರ್ಣಕಗಳ ಮೇಲಿನ ಈ ಕೆಲಸಕ್ಕೆ. ಕೆಂಪು ಗುಲಾಬಿಯಲ್ಲೂ ಯುರೋಪಿನ ಹೊಲಗಳಲ್ಲಿ ಬೆಳೆಯುವ ನೀಲಿ ಕಾರ್ನ್‌ಫ್ಲವರಿನಲ್ಲೂ ಇರುವುದು ಒಂದೇ ಆಂಥೋಸಯನಿನ್ ಎಂದೂ ಅವನೇ ಕಂಡುಕೊಂಡ. ನೀಲಿ ಹೂವಿನ ರಸ ಪ್ರತ್ಯಾಮ್ಲೀಯವಾಗಿರಬೇಕು ಎಂಬ ಅವನ ವಿವರಣೆ ಮಾತ್ರ ನಿಲ್ಲಲಿಲ್ಲ. ಆ ಹೂವಿನ ರಸವೂ ತುಸು ಹುಳಿಯೇ. ಕಬ್ಬಿಣ, ಮೆಗ್ನೀಸಿಯಂಗಳ ಸುತ್ತ ವರ್ಣಕದ ಅಣುಗಳು ಗುಂಪುಗಟ್ಟುವುದರಿಂದ ಅಲ್ಲಿ ನೀಲಿ ಬರುತ್ತದೆ. ಕೋಸಿನ ಲೋಟದಲ್ಲಿ ಕಂಡದ್ದನ್ನು ಹೂದೋಟಕ್ಕೆ ಹಾಗೇ ಅನ್ವಯಿಸಲಾಗದು.

ಲೋಹದ ಮಾತು ಬಂದಾಗ ಬೀನ್ಸಿನ ಬಗ್ಗೆ ಒಂದು ತಿದ್ದುಪಡಿ ಸೇರಿಸಬೇಕು. ಕಂದಿದ ಫಿಯೋಫೈಟಿನ್ನಿಗೆ ಮೆಗ್ನೀಸಿಯಂ ಮರಳದಿದ್ದರೂ ತಾಮ್ರವೋ ಸತುವೋ ಸಿಕ್ಕರೆ ಬಳೆ ಅದನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತದೆ, ಬಣ್ಣ ಮತ್ತೆ ಹಸಿರಾಗುತ್ತದೆ. ಹುಳಿಗೂ ಜಗ್ಗದ ಹಸಿರು ಅದು. ಹತ್ತೊಂಬತ್ತನೆಯ ಶತಮಾನದಲ್ಲಿ ಫ್ರಾನ್ಸಿನ ಡಬ್ಬಿ ಬಟಾಣಿಗೆ ಮೈಲುತುತ್ತ ಹಾಕುತ್ತಿದ್ದದ್ದು ಇದಕ್ಕಾಗಿಯೇ. ಕಲಾಯಿ ಹೋದ ತಾಮ್ರದ ಪಾತ್ರೆಯಲ್ಲಿ ಬೇಯಿಸಿದ ಹುಳಿ ಪದಾರ್ಥ ವಿಚಿತ್ರವಾಗಿ ಹಸಿರು ಕಂಡರೆ ಅದನ್ನು ತಿನ್ನಬೇಡಿ. ಆ ಹಸಿರು ತರಕಾರಿಯದಲ್ಲ, ತಾಮ್ರದ್ದು.

ಕೆಂಪು ಕೋಸಿನ ಪಲ್ಯಕ್ಕೆ ಬೀನ್ಸಿನ ಕ್ರಮ ತಲೆಕೆಳಗು. ಉತ್ತರ ಯುರೋಪಿನ ಅಡುಗೆಗಳಲ್ಲಿ ಇದನ್ನು ಸೇಬು, ವಿನೆಗರ್ ಸೇರಿಸಿಯೇ ಬೇಯಿಸುತ್ತಾರೆ. ನಮ್ಮಲ್ಲಿ ಕೊಳವೆಬಾವಿಯ ಗಡಸು ನೀರಿಗೆ ಹಾಕಿ ಬೇಯಿಸಿದರೆ ಪಲ್ಯ ನೀಲಿಯಾಗುವುದುಂಟು. ಆ ನೀರಿನಲ್ಲಿರುವ ಬೈಕಾರ್ಬೊನೇಟಿನ ಇಂಗಾಲದ ಡೈಆಕ್ಸೈಡ್ ಕುದಿಯುವಾಗ ಹಾರಿಹೋಗಿ ನೀರು ಪ್ರತ್ಯಾಮ್ಲದ ಕಡೆಗೆ ವಾಲುತ್ತದೆ. ಹಾಗಾದರೆ ಪಲ್ಯ ಚೆಲ್ಲಬೇಡಿ, ಅರ್ಧ ನಿಂಬೆ ಹಿಂಡಿ ಕೈಯಾಡಿಸಿ, ಕೆಂಪು ವಾಪಸು ಬರುತ್ತದೆ. ಬೀನ್ಸ್ ಕಂದಿದ್ದರೆ ಸೋಡಾ ಡಬ್ಬಿಗೆ ಕೈ ಹಾಕಬೇಡಿ. ಕಂದಿದ ಬೀನ್ಸಿನ ರುಚಿಗೇನೂ ಕೊರತೆಯಿಲ್ಲ, ಹಾಗೇ ಬಡಿಸಿ.